Ki ಇಳಿಸಿದರೆ ಹಂಟಿಂಗ್ ನಿಲ್ಲದು

"ಯಂತ್ರದ ಅಕ್ಷ ನಿಂತಲ್ಲೇ ಹಿಂದೆ ಮುಂದೆ ಜಿಗಿಯುತ್ತಾ ಹಂಟಿಂಗ್ ಮಾಡುತ್ತಿದ್ದರೆ ಸರ್ವೋದ ಇಂಟಿಗ್ರಲ್ ಗೇನ್ Ki ಅರ್ಧಕ್ಕೆ ಇಳಿಸಿ, ಸರಿಹೋಗುತ್ತದೆ."

ಇಲ್ಲ, ಸರಿಹೋಗುವುದಿಲ್ಲ. ಜಿಗಿತದ ನಡುವಿನ ಸಮಯ ಉದ್ದವಾಗುತ್ತದೆ, ಅಷ್ಟೇ. ಸ್ಲೈಡನ್ನು ಕದಲಿಸಲು 1.2 ನ್ಯೂಟನ್ ಮೀಟರ್ ಟಾರ್ಕ್ ಬೇಕು, ಚಲಿಸತೊಡಗಿದ ಮೇಲೆ 0.8 ಸಾಕು ಎಂದುಕೊಳ್ಳಿ. ಹೆಚ್ಚುವರಿ 0.4 ಅದನ್ನು ಗುರಿ ದಾಟಿಸಿ 4 ಮೈಕ್ರಾನ್ ಆಚೆ ನಿಲ್ಲಿಸುತ್ತದೆ. ಈಗ ಸ್ಥಾನದ ದೋಷವನ್ನು ಕೂಡಿಸುತ್ತಾ ಟಾರ್ಕ್ ಬದಲಿಸುವ ಇಂಟಿಗ್ರೇಟರ್ +1.2ರಿಂದ -1.2ರವರೆಗೆ ಇಳಿಯಬೇಕು, ಆ ವೇಗವನ್ನು ನಿರ್ಧರಿಸುವುದು Ki. ಸೆಕೆಂಡಿಗೆ 0.4ರಂತೆ ಇಳಿದರೆ 6 ಸೆಕೆಂಡ್. Ki ಅರ್ಧ ಮಾಡಿದರೆ 12. ನೀವು 8 ಸೆಕೆಂಡ್ ನೋಡಿ "ನಿಂತಿತು" ಅಂದುಕೊಳ್ಳುತ್ತೀರಿ, ಜಾಬ್ ಮೇಲೆ ಗುರುತು ಬಿದ್ದಿರುತ್ತದೆ.

ಸ್ಕೋಪ್‌ನಲ್ಲಿ ನೋಡಿ: ಸ್ಥಾನ ಚೌಕಾಕಾರದ ಅಲೆ, ಟಾರ್ಕ್ ತ್ರಿಕೋನದ ಅಲೆ ಆಗಿದ್ದರೆ ತಪ್ಪು ಘರ್ಷಣೆಯದು. ಎರಡೂ ನುಣುಪಾದ ಸೈನ್ ಅಲೆಯಾಗಿದ್ದರೆ ಮಾತ್ರ ಗೇನ್ ಅನುಮಾನಿಸಿ.

ಮೇಲಿನ ಉದಾಹರಣೆಗೆ ಮದ್ದು: ದೋಷ 6 ಮೈಕ್ರಾನ್ ಒಳಗೆ ಬಂದಾಗ ಇಂಟಿಗ್ರೇಟರನ್ನು ಹಿಡಿದು ನಿಲ್ಲಿಸಿ, 10 ದಾಟಿದರೆ ಮಾತ್ರ ಮತ್ತೆ ಬಿಡಿ. ಈ 6 ಮೈಕ್ರಾನ್ ಮಿತಿ ಜಿಗಿತದ ನಂತರ ಉಳಿಯುವ ದೋಷಕ್ಕಿಂತ ಅಗಲವಿರಲೇಬೇಕು. 3 ಇಟ್ಟರೆ ಜಿಗಿತ ಅದನ್ನು ಹಾರಿ ಆಚೆ ಬೀಳುತ್ತದೆ. ದಯವಿಟ್ಟು ಇಂಟಿಗ್ರೇಟರನ್ನು ಸೊನ್ನೆ ಮಾಡಬೇಡಿ, ಲಂಬ ಅಕ್ಷದಲ್ಲಿ ಸ್ಪಿಂಡಲ್ ತಲೆಯ ಭಾರ ಹೊತ್ತಿರುವುದು ಅದೇ.

ಇದರ ಬೆಲೆ, 10 ಮೈಕ್ರಾನ್‌ವರೆಗೆ ದೋಷ ಉಳಿಯಬಹುದು. ಅದು ಒಪ್ಪದಿದ್ದರೆ 1.2 ಮತ್ತು 0.8ರ ಅಂತರವನ್ನೇ ಕುಗ್ಗಿಸಬೇಕು: ಹೈಡ್ರಾಲಿಕ್ ಎಣ್ಣೆಯ ಬದಲು ಸರಿಯಾದ ಸ್ಲೈಡ್‌ವೇ ಎಣ್ಣೆ, ಅತಿ ಬಿಗಿಯಾದ ಗಿಬ್ ಸಡಿಲಿಸುವುದು, ಸ್ಲೈಡಿನ ತಳಕ್ಕೆ ಪಿಟಿಎಫ್‌ಇ ಪಟ್ಟಿ.