ಕಂಬ ಅವರದ್ದು, ದೀಪ ಇವರದ್ದು, ಕಸ ಯಾರದ್ದೂ ಅಲ್ಲ

ಇವತ್ತಿಗೆ 41 ದಿನ. ಮೃಗಶಿರಾ ಮಳೆ ಹಿಡಿದ ವಾರ ಆರಿಹೋದ ನಮ್ಮ ಬೀದಿದೀಪ, ಆರಿದ್ರಾ ಕಳೆದು ಪುನರ್ವಸು ಮುಗಿಯುತ್ತಾ ಬಂದರೂ ಉರಿದಿಲ್ಲ. ಆ ಕಂಬದ ಬುಡದಲ್ಲಿ ಈಗ ಸೊಂಟದೆತ್ತರದ ಕಸದ ರಾಶಿ. ಶಿವಮೊಗ್ಗ ಜಿಲ್ಲೆಯಲ್ಲೇ ನಮ್ಮೂರು. ಊರಿನ ಹೆಸರು, ವಾರ್ಡ್ ನಂಬರ್ ಬೇಡ. ಓದಿದ ಮೇಲೆ ಇದು ನಿಮ್ಮ ಬೀದಿಯೇ ಅಂತ ನಿಮಗೇ ಅನಿಸಬಹುದು.

ನನ್ನದು ಜೆರಾಕ್ಸ್ ಅಂಗಡಿ. ದಿನಾ ನಾಲ್ಕಾರು ಜನರ ಅರ್ಜಿ ಟೈಪ್ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಖಾತೆ ಬದಲಾವಣೆ, ನೀರಿನ ಸಂಪರ್ಕ, ಪಿಂಚಣಿ, ಎಲ್ಲಕ್ಕೂ ನನ್ನ ಹತ್ತಿರ ನಮೂನೆ ಇದೆ. ಅಂಥವನ ಸ್ವಂತ ಅರ್ಜಿ ವಾರ್ಡ್ ಆಫೀಸಿನಲ್ಲಿ ಹೇಗೆ ಮುಳುಗಿತು ಅಂತ ಹೇಳಿಕೊಳ್ಳೋಕೆ ನಾಚಿಕೆ. ಆದರೆ ಹೊಟ್ಟೆಯುರಿ ನಾಚಿಕೆಗಿಂತ ಜಾಸ್ತಿ ಇದೆ.

ಜಾಗ ಹೇಗಿದೆ ಅಂದರೆ, ಮುಖ್ಯ ರಸ್ತೆಯಿಂದ ನಮ್ಮ ಬೀದಿಗೆ ಒಂದು ಏರು. ಏರಿನ ಅರ್ಧದಲ್ಲಿ ತಿರುವು. ತಿರುವಿನಲ್ಲೇ ಆ ಕಂಬ, ಪಕ್ಕದಲ್ಲಿ ಚಪ್ಪಡಿ ಒಡೆದ ಚರಂಡಿ. ಮಳೆಗಾಲದಲ್ಲಿ ರಸ್ತೆ ಅಂಚಿಗೆಲ್ಲ ಪಾಚಿ. ಬೆಳಕಿದ್ದಾಗಲೇ ಕಾಲು ನೋಡಿಕೊಂಡು ಇಡಬೇಕಾದ ಜಾಗ ಅದು. ದೀಪ ಆರಿ ಮೂರನೇ ದಿನಕ್ಕೆ ಹಿಂದಿನ ಮನೆ ಅಜ್ಜಿ ಹಾಲು ತರೋಕೆ ಹೋಗಿ ಜಾರಿ ಬಿದ್ದರು. ಮೂಳೆಗೆ ಏನೂ ಆಗಲಿಲ್ಲ, ಪುಣ್ಯ. ಈಗ ಅವರು ಹಾಲಿಗೆ ಹೊರಡುವುದೇ ಬೆಳಕು ಹರಿದ ಮೇಲೆ.

ಕಸ ಮೊದಲು ಬಂದಿದ್ದಲ್ಲ, ಕತ್ತಲೆ ಮೊದಲು ಬಂದಿದ್ದು. ಇದನ್ನು ಆಫೀಸಿನಲ್ಲಿ ಯಾರಿಗೂ ಅರ್ಥ ಮಾಡಿಸೋಕೆ ನನ್ನಿಂದ ಆಗಲಿಲ್ಲ. ದೀಪ ಇದ್ದಷ್ಟು ದಿನ ಆ ತಿರುವು ಎದುರು ಮನೆ ಅಕ್ಕನ ಜಗುಲಿಗೆ ನೇರ ಕಾಣುತ್ತಿತ್ತು. ಯಾರಾದರೂ ಚೀಲ ಎಸೆದರೆ ಅಕ್ಕ ಅಲ್ಲಿಂದಲೇ ಜನ್ಮ ಜಾಲಾಡುತ್ತಿದ್ದರು. ದೀಪ ಹೋಗಿ ಒಂದು ವಾರಕ್ಕೆ ಮೊದಲ ಚೀಲ ಬಿತ್ತು. ಆಮೇಲೆ ಬೈಕಿನಲ್ಲಿ ಬಂದು, ನಿಲ್ಲಿಸದೆ, ಓಡುತ್ತಲೇ ಬಿಸಾಕಿ ಹೋಗುವವರು ಶುರುವಾದರು. ಹಲಸಿನ ಕಾಲ ಬೇರೆ. ಸಿಪ್ಪೆ, ಕೋಳಿ ಅಂಗಡಿಯ ಪುಕ್ಕ, ಮಗುವಿನ ಡಯಾಪರ್, ಎಲ್ಲ ಒಂದೇ ಚೀಲದಲ್ಲಿ. ಮೇಲಿಂದ ಬಿಡದ ಮಳೆ. ರಾಶಿಯಿಂದ ಕಪ್ಪು ನೀರು ಇಳಿದು ಏರಿನುದ್ದಕ್ಕೂ ಹರಿಯುತ್ತದೆ. ಇಲಿ ಬಂತು. ಇಲಿ ಹಿಂದೆ ಹಾವು ಬರುವುದು ಮಲೆನಾಡಿನ ಮಕ್ಕಳಿಗೂ ಗೊತ್ತು. ಹೋದ ವಾರ ಕೊಳಕುಮಂಡಲ ಒಂದು ಚರಂಡಿ ಚಪ್ಪಡಿ ಕೆಳಗೆ ನುಸುಳಿದ್ದನ್ನು ನಾನೇ ನೋಡಿದೆ. ಟ್ಯೂಷನ್ ಮುಗಿಸಿ ಮಕ್ಕಳು ರಾತ್ರಿ ಎಂಟಕ್ಕೆ ಅಲ್ಲೇ ನಡೆದು ಬರಬೇಕು.

ಮೊದಲು ವಾರ್ಡ್ ಆಫೀಸಿಗೆ ಫೋನ್ ಮಾಡಿದೆ. ಆ್ಯಪಿನಲ್ಲಿ ಹಾಕಿ ಅಂದರು. ಹಾಕಿದೆ. ಎರಡನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಏಣಿ ತಗೊಂಡು ಇಬ್ಬರು ಬಂದರು. ಖುಷಿಯಾಯಿತು. ಒಬ್ಬ ಹತ್ತಿ ಫಿಟ್ಟಿಂಗ್ ಅಲುಗಾಡಿಸಿದ, ವೈರು ಬಿಗಿ ಮಾಡಿದ, ಇಳಿದ. ಉರಿಯುತ್ತಾ ಅಂತ ಕೇಳಿದೆ. "ಹಗಲು ಲೈನಿಗೆ ಕರೆಂಟ್ ಇರಲ್ಲ ಸಾರ್, ಸಂಜೆ ನೋಡಿ" ಅಂದ. ಮಾತು ಸುಳ್ಳಲ್ಲ. ನಮ್ಮ ಬೀದಿಯ ದೀಪಗಳಿಗೆಲ್ಲ ಒಂದೇ ಟೈಮರ್ ಡಬ್ಬ, ಕೆಳಗೆ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿದೆ. ಸಂಜೆ ಅದು ಆನ್ ಆದರೇನೇ ಬೀದಿದೀಪದ ತಂತಿಗೆ ಕರೆಂಟ್. ಆದರೆ ಅಲ್ಲಿಗೆ ಹೋಗಿ ಕೈಯಿಂದ ಒಂದು ನಿಮಿಷ ಆನ್ ಮಾಡಿ ನೋಡಬಹುದಿತ್ತಲ್ಲ? ಏರು ಇಳಿದು ಹತ್ತುವ ಸೋಮಾರಿತನ, ಅಷ್ಟೇ. ಸಂಜೆ ಉರಿಯಲಿಲ್ಲ. ಫೋನ್ ತೆಗೆದು ನೋಡಿದರೆ ನನ್ನ ದೂರಿನ ಮುಂದೆ ಹಸಿರು ಬಣ್ಣದಲ್ಲಿ "ಪರಿಹರಿಸಲಾಗಿದೆ" ಅಂತ ಬಂದಿತ್ತು.

ತಪ್ಪು ಎಲ್ಲಿದೆ ಅಂತ ಹೇಳೋಕೆ ಎಂಜಿನಿಯರೇ ಬೇಕಾಗಿಲ್ಲ. ಬೀದಿಯ ದೀಪ ಪೂರ್ತಿ ಹೋದರೆ ಟೈಮರ್ ಡಬ್ಬ ನೋಡಬೇಕು, ಇಲ್ಲವೇ ಫ್ಯೂಸು. ನಮ್ಮಲ್ಲಿ ಹಿಂದಿನ ಕಂಬದ್ದೂ ಮುಂದಿನ ಕಂಬದ್ದೂ ಉರಿಯುತ್ತಿವೆ. ಅಂದರೆ ಲೈನು ಸರಿ ಇದೆ, ಕೆಟ್ಟಿರುವುದು ಈ ಒಂದೇ ಫಿಟ್ಟಿಂಗ್, ಅಥವಾ ಲೈನಿನಿಂದ ಅದಕ್ಕೆ ಇಳಿದ ವೈರು. ವೈರು ಅವರೇ ಬಿಗಿ ಮಾಡಿ ಹೋದರು. ಉಳಿದದ್ದು ಫಿಟ್ಟಿಂಗ್. ಆರುವ ಮುಂಚೆ ನಾಲ್ಕು ದಿನ ಮಿಣುಕುತ್ತಿತ್ತು ಕೂಡ. ಒಳಗೆ ನೀರು ಹೋಗಿ, ದೀಪಕ್ಕೆ ಕರೆಂಟ್ ಹದ ಮಾಡಿ ಕೊಡುವ ಡ್ರೈವರ್ ಕೆಟ್ಟಿರಬೇಕು ಅಂತ ನಮ್ಮ ಅಂಗಡಿ ಪಕ್ಕದ ಎಲೆಕ್ಟ್ರಿಷಿಯನ್ ಹೇಳಿದರು. ಹಳೇ ಟ್ಯೂಬ್‌ಲೈಟ್ ಹಾಗೆ ತಿರುಗಿಸಿ ಬೇರೆ ಹಾಕುವುದಲ್ಲ ಇದು. ಎಲ್‌ಇಡಿಯಲ್ಲಿ ಡ್ರೈವರ್ ಬದಲಿಸಬೇಕು, ಇಲ್ಲ ಫಿಟ್ಟಿಂಗನ್ನೇ ಇಳಿಸಬೇಕು. ಅಲುಗಾಡಿಸಿದರೆ ಉರಿಯುವ ಕಾಲ ಹೋಯಿತು.

ಕಸದ ಗಾಡಿಯವರನ್ನೂ ಕೇಳಿದೆ. ಆಟೋ ಬೆಳಿಗ್ಗೆ ಏಳರ ಹೊತ್ತಿಗೆ ಬರುತ್ತದೆ. ಮಳೆ ಜೋರಾದ ಮೇಲೆ ಏರು ಹತ್ತುವುದಿಲ್ಲ, ಕೆಳಗೇ ನಿಂತು ಹಾಡು ಹಾಕುತ್ತದೆ. ನಾವು ಬಕೆಟ್ ಹಿಡಿದು ಕೊಡೆ ಹಿಡಿದು ಓಡಬೇಕು. ಓಡಲಾರದವರ ಕಸ ಎಲ್ಲಿಗೆ ಹೋಗುತ್ತದೆ ಅಂತ ಊಹಿಸಿ, ನಮ್ಮ ಬೀದಿಯವರೆಲ್ಲ ಸತ್ಯಹರಿಶ್ಚಂದ್ರರೇನಲ್ಲ. ರಾಶಿ ತೋರಿಸಿದರೆ ಆ ಹುಡುಗ ಸಮಾಧಾನದಿಂದಲೇ ಹೇಳಿದ: "ಅಣ್ಣಾ, ನಾವು ಮನೆ ಕಸ ಮಾತ್ರ. ಬಿದ್ದಿರೋ ಕಸಕ್ಕೆ ಟ್ರ್ಯಾಕ್ಟರ್ ಬರಬೇಕು, ಅದಕ್ಕೆ ಹೆಲ್ತ್ ಇನ್ಸ್‌ಪೆಕ್ಟರ್ ಹೇಳಬೇಕು." ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಆಟೋದಲ್ಲಿ ಆ ಕೊಳೆತ ರಾಶಿ ಹಿಡಿಸುವುದೂ ಇಲ್ಲ.

ಹತ್ತನೇ ದಿನ ಅರ್ಜಿ ಬರೆದೆ. ಇಲ್ಲೇ ನಾನು ಎಡವಿದ್ದು. "ವಿಷಯ: ಕೆಟ್ಟ ಬೀದಿದೀಪ ದುರಸ್ತಿ ಹಾಗೂ ಕಸ ವಿಲೇವಾರಿ ಬಗ್ಗೆ" ಅಂತ ಎರಡನ್ನೂ ಒಂದೇ ಹಾಳೆಯಲ್ಲಿ ಹಾಕಿದೆ. ಮನಸ್ಸಿನಲ್ಲಿ ಅವೆರಡೂ ಒಂದೇ ಆಗಿದ್ದವಲ್ಲ! ಮಾಹಿತಿ ಹಕ್ಕಿನ ಅರ್ಜಿಗೆ ನಮ್ಮ ರಾಜ್ಯದಲ್ಲಿ ಒಂದೇ ವಿಷಯ, 150 ಪದ ಅಂತ ನಿಯಮವೇ ಇದೆ. ಗಿರಾಕಿಗಳು ಮೂರು ಪುಟ ಬರೆದುಕೊಂಡು ಬಂದರೆ ಕತ್ತರಿಸಿ ಕೊಡುವವನು ನಾನೇ. ಮಾಮೂಲಿ ದೂರಿಗೆ ಆ ನಿಯಮ ಇಲ್ಲ ಅಂತ ಉದ್ದುದ್ದ ಬರೆದೆ. ಅಜ್ಜಿ ಬಿದ್ದದ್ದು, ಹಾವಿನ ಭಯ, ಮಕ್ಕಳು, ತೆರಿಗೆ ಕಟ್ಟಿದ್ದು, ಕಡೆಗೆ ಒಂದು ಗಾದೆ ಕೂಡ. ಕಂಬದ ನಂಬರ್ ಮಾತ್ರ ಬರೆಯಲಿಲ್ಲ.

ಟಪಾಲಿನಲ್ಲಿ ಕೊಟ್ಟೆ, ಸೀಲು ಹಾಕಿಸಿಕೊಂಡೆ, ಇನ್‌ವರ್ಡ್ ನಂಬರ್ ಬರೆಸಿಕೊಂಡೆ. ಅಷ್ಟು ಬುದ್ಧಿ ಇತ್ತು. 22 ದಿನ ಕಳೆದ ಮೇಲೆ ಹಿಂಬರಹ ಬಂತು: "ಸದರಿ ಕಂಬವು ವಿದ್ಯುತ್ ಸರಬರಾಜು ಕಂಪನಿಯ ಸ್ವತ್ತಾಗಿದ್ದು, ತಾವು ಸಂಬಂಧಪಟ್ಟ ಕಚೇರಿಯನ್ನು ಸಂಪರ್ಕಿಸಲು ಈ ಮೂಲಕ ತಿಳಿಸಲಾಗಿದೆ." ಕಸದ ಬಗ್ಗೆ ಒಂದಕ್ಷರ ಇಲ್ಲ. ವಿಚಾರಿಸಿದರೆ, ಅರ್ಜಿ ಎಂಜಿನಿಯರಿಂಗ್ ಶಾಖೆಗೆ ಹೋಗಿತ್ತು. ಅವರು ತಮ್ಮ ಭಾಗಕ್ಕೆ ಉತ್ತರ ಕೊಟ್ಟು ಕಡತ ಮುಗಿಸಿದ್ದರು. ಆರೋಗ್ಯ ಶಾಖೆಯ ಮೇಜಿಗೆ ನನ್ನ ಹಾಳೆ ಹೋಗಲೇ ಇಲ್ಲ. ಒಂದು ಕಾಗದಕ್ಕೆ ಒಂದೇ ನಂಬರ್, ಒಂದೇ ಮೇಜು. ಆ ಮೇಜಿನಲ್ಲಿ ಉತ್ತರ ಬಿತ್ತು ಅಂದರೆ ಇಡೀ ಕಾಗದ ಸತ್ತ ಹಾಗೆ.

ಕರೆಂಟ್ ಆಫೀಸಿಗೂ ಹೋದೆ. ಅಲ್ಲಿನವರು ನಕ್ಕರು. "ಕಂಬ ನಮ್ಮದೇ, ತಂತಿ ನಮ್ಮದೇ. ಅದರ ಮೇಲಿನ ಪೈಪು, ದೀಪ, ಎಲ್ಲ ಅವರದ್ದು. ಬಿಲ್ ಕಟ್ಟೋರೂ ಅವರೇ. ನಾವು ಮುಟ್ಟೋ ಹಾಗಿಲ್ಲ" ಅಂದರು. ವಾರ್ಡ್ ಆಫೀಸಿನವರಿಗೆ ಇದು ಗೊತ್ತಿಲ್ಲದ ವಿಷಯವಾ? ಗೊತ್ತಿಲ್ಲದಿದ್ದರೆ ಏಣಿ ತಗೊಂಡು ಅವತ್ತು ಬಂದ ಇಬ್ಬರು ಯಾರ ಕಡೆಯವರು? ಇದನ್ನು ಕೇಳಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು. ಹೊಸ ಅರ್ಜಿಯಲ್ಲೇ ಬರೆಯೋಣ ಅಂತ ತಡೆದುಕೊಂಡೆ.

ಭಾನುವಾರ ಪಾತ್ರೆ ಉಜ್ಜುವ ಬ್ರಷ್ಷು ಹಿಡಿದು ಕಂಬದ ಹತ್ತಿರ ಹೋದೆ. ಕಸ ತುಳಿದುಕೊಂಡೇ. ಹಸಿರು ಪಾಚಿ ಕೆರೆದ ಮೇಲೆ ಹಳದಿ ಬಣ್ಣದಲ್ಲಿ ನಂಬರ್ ಕಂಡಿತು. ಕಾಲಿಗೆ ಎರಡು ಇಂಬಳ ಹತ್ತಿದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು. ಎದುರು ಮನೆ ಅಕ್ಕ ಜಗುಲಿಯಿಂದ, "ಏನೋ ಅದು, ಕಂಬಕ್ಕೆ ಸ್ನಾನ ಮಾಡಿಸ್ತಿದೀಯಾ?" ಅಂತ ಕೂಗಿದರು.

ಆಮೇಲೆ ಎರಡು ಅರ್ಜಿ ಟೈಪ್ ಮಾಡಿದೆ. ಅಜ್ಜಿ ಇಲ್ಲ, ಗಾದೆ ಇಲ್ಲ. ಮೊದಲನೆಯದು ಎಂಜಿನಿಯರಿಂಗ್ ಶಾಖೆಗೆ:

"ಮಾನ್ಯರೇ, ಈ ಕೆಳಗಿನ ನಂಬರಿನ ಕಂಬದ ಎಲ್‌ಇಡಿ ದೀಪ 41 ದಿನದಿಂದ ಉರಿಯುತ್ತಿಲ್ಲ. ಇದೇ ಲೈನಿನ ಅಕ್ಕಪಕ್ಕದ ದೀಪಗಳು ಉರಿಯುತ್ತಿವೆ. ಕಂಬ ವಿದ್ಯುತ್ ಕಂಪನಿಯದಾದರೂ ದೀಪದ ನಿರ್ವಹಣೆ ತಮ್ಮದೆಂದು ಆ ಕಚೇರಿಯವರು ತಿಳಿಸಿದ್ದಾರೆ. ತಮ್ಮ ಸಿಬ್ಬಂದಿ ಒಮ್ಮೆ ಬಂದು ವೈರು ಬಿಗಿ ಮಾಡಿದ್ದಾರೆ, ಉಪಯೋಗವಾಗಿಲ್ಲ. ಆದ್ದರಿಂದ ಫಿಟ್ಟಿಂಗ್ ಬದಲಿಸಿ, ಲೈನ್ ಆನ್ ಮಾಡಿ ಪರೀಕ್ಷಿಸಿ, ನಂತರವೇ ದೂರನ್ನು ಮುಕ್ತಾಯಗೊಳಿಸಬೇಕಾಗಿ ಕೋರಿಕೆ. ಉಲ್ಲೇಖ: ತಮ್ಮ ಹಿಂಬರಹ."

ಎರಡನೆಯದು ಆರೋಗ್ಯ ಶಾಖೆಗೆ:

"ಮಾನ್ಯರೇ, ಈ ಕೆಳಗಿನ ನಂಬರಿನ ಕಂಬದ ಬುಡದಲ್ಲಿ ಸುಮಾರು ಒಂದು ಟ್ರ್ಯಾಕ್ಟರ್ ಲೋಡಿನಷ್ಟು ಕಸ ಬಿದ್ದಿದೆ. ಮನೆಗಳಿಂದ ಕಸ ಪಡೆಯುವ ಆಟೋದಿಂದ ಇದು ಸಾಗದು. ಟ್ರ್ಯಾಕ್ಟರ್ ಕಳಿಸಿ ತೆರವು ಮಾಡಿಸಬೇಕು. ಮಳೆಗಾಲದಲ್ಲಿ ಆಟೋ ಏರು ಹತ್ತುತ್ತಿಲ್ಲ. ಮನೆ ಬಾಗಿಲಿಂದ ಕಸ ಪಡೆಯಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಇತ್ತು. ತೆರಿಗೆ ರಸೀದಿಯಲ್ಲಿ ಇದಕ್ಕಾಗಿ ಶುಲ್ಕವನ್ನೂ ಪಡೆದಿದ್ದೀರಿ, ಪ್ರತಿ ಲಗತ್ತಿಸಿದೆ. ಆಟೋ ಬಾರದ ದಿನ ತಳ್ಳುಗಾಡಿಯನ್ನಾದರೂ ಕಳಿಸಬೇಕಾಗಿ ಕೋರಿಕೆ."

ಎರಡಕ್ಕೂ ಹಗಲಿನದೊಂದು, ರಾತ್ರಿಯದೊಂದು ಫೋಟೋ. ರಾತ್ರಿಯ ಫೋಟೋ ಪೂರ್ತಿ ಕಪ್ಪು, ನನ್ನ ಬಣ್ಣದ ಇಂಕು ದಂಡ. ಇರಲಿ ಅಂತ ಲಗತ್ತಿಸಿದೆ.

ಇವತ್ತು ಅಂಗಡಿ ಅರ್ಧ ದಿನ ಮುಚ್ಚಿ ಹೋದೆ. ಎರಡು ಅರ್ಜಿ, ಎರಡೆರಡು ಪ್ರತಿ, ನಾಲ್ಕು ಸೀಲು. ಟಪಾಲಿನ ಮೇಡಂ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರು. ಒಂದೇ ಬೀದಿ, ಒಂದೇ ಕಂಬ, ಒಂದೇ ಸಹಿ. ಕನ್ನಡಕ ಮೇಲೆತ್ತಿ ನನ್ನನ್ನೇ ನೋಡಿ ಕೇಳಿದರು:

"ಅಲ್ಲ ಸಾರ್, ಎರಡೂ ಒಂದರಲ್ಲೇ ಬರೆದು ಕೊಡಬಹುದಿತ್ತಲ್ವಾ? ಸುಮ್ನೆ ಯಾಕೆ ಪೇಪರ್ ದಂಡ?"