ಆನೆಯ ತೂಕ ಏರಿದೆ, ಮಾವುತನಿಗೂ ಅಭಿನಂದನೆಗಳು

ದಸರಾಕ್ಕೆ ಬಂದ ಆನೆಗಳನ್ನು ಮೈಸೂರಿನಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗುತ್ತಾರೆ. ಯಾವ ಆನೆ ಎಷ್ಟು ಕೆ.ಜಿ. ಎಂದು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಈ ಪದ್ಧತಿಗೆ ಸಣ್ಣದೊಂದು ಸುಧಾರಣೆ ಸೂಚಿಸಬೇಕಿದೆ. ಆನೆಯ ಜೊತೆ ಮಾವುತನನ್ನೂ ಹತ್ತಿಸಿ ಒಂದೇ ಲೆಕ್ಕದಲ್ಲಿ ತೂಗಿಬಿಡಿ. ಆನೆ 5,000 ಕೆ.ಜಿ., ಮಾವುತ 60. ತಾಲೀಮು ಮುಗಿಯುವ ಹೊತ್ತಿಗೆ ಬೆಣ್ಣೆ, ಬೆಲ್ಲ, ಕೊಬ್ಬರಿ ತಿಂದ ಆನೆ 250 ಕೆ.ಜಿ. ಹೆಚ್ಚಿದೆ; ಜ್ವರ ಬಂದು ಮಲಗಿದ್ದ ಮಾವುತ 5 ಕೆ.ಜಿ. ಇಳಿದಿದ್ದಾನೆ. 5,060 ಇದ್ದದ್ದು 5,305 ಆಯಿತು, ಶೇ 4.8ರಷ್ಟು ಏರಿಕೆ. ಮರುದಿನ ತಲೆಬರಹ: "ಮಾವುತರ ಆರೋಗ್ಯದಲ್ಲಿ ಭಾರೀ ಚೇತರಿಕೆ."

ನಗುವವರು ಸೆನ್ಸೆಕ್ಸ್ ಏರಿದ ಸಂಜೆ ಟಿವಿ ಹಾಕಿ ನೋಡಿ. ಅಲ್ಲಿ ದಿನಾ ಇದೇ ತೂಕ ನಡೆಯುತ್ತದೆ, ಯಾರೂ ನಗುವುದಿಲ್ಲ.

ಮುಂಬೈ ಷೇರುಪೇಟೆಯ ಸೆನ್ಸೆಕ್ಸ್ ಅಂದರೆ 30 ಕಂಪನಿಗಳು. ಇನ್ನೊಂದು ಪೇಟೆಯ ನಿಫ್ಟಿ ಅಂದರೆ 50. ದೇಶದಲ್ಲಿರುವ ಕಂಪನಿಗಳೆಲ್ಲ ಅದರಲ್ಲಿಲ್ಲ, ಪೇಟೆಯಲ್ಲಿರುವ ಸಾವಿರಾರು ಷೇರುಗಳೂ ಇಲ್ಲ. ಆ ಮೂವತ್ತಕ್ಕೂ ಸಮಾನ ಮತವಿಲ್ಲ. ಯಾರ ಷೇರಿನ ಒಟ್ಟು ಬೆಲೆ ದೊಡ್ಡದೋ ಅವರ ತೂಕ ದೊಡ್ಡದು. ಹೇಗೆಂದು ನೋಡಲು ಮುಂಬೈಗೆ ಹೋಗಬೇಕಿಲ್ಲ, ಮಂಡ್ಯಕ್ಕೇ ಒಂದು ಸೂಚ್ಯಂಕ ಕಟ್ಟೋಣ. ಸಂಜಯ ವೃತ್ತದಲ್ಲಿ ಕೆಂಪು ದೀಪದ ಬೋರ್ಡು ಹಾಕಿ "ಮಂಡ್ಯೆಕ್ಸ್" ಎಂದು ಹೆಸರಿಡೋಣ. ಕಬ್ಬಿನ ಬಿಲ್ಲು ಬರದಿದ್ದರೆ ಹೋಗಲಿ, ಬೋರ್ಡಾದರೂ ಇರಲಿ.

ಕಾಲ್ಪನಿಕ ಕಂಪನಿಗಳು ಐದು: ಒಂದು ಸಕ್ಕರೆ ಕಾರ್ಖಾನೆ, ಒಂದು ಅಕ್ಕಿ ಗಿರಣಿ, ಒಂದು ಹೋಟೆಲು, ಒಂದು ಆಲೆಮನೆ, ಒಂದು ಎಣ್ಣೆ ಗಾಣ. ಕಾರ್ಖಾನೆಗೆ ಒಂದು ಕೋಟಿ ಷೇರು, ಒಂದಕ್ಕೆ 100 ರೂಪಾಯಿ, ಒಟ್ಟು 100 ಕೋಟಿ. ಅದರಲ್ಲಿ 40 ಕೋಟಿಯಷ್ಟು ಮಾಲೀಕರ ಮನೆಯವರ ಕೈಯಲ್ಲಿದೆ, ಪೇಟೆಗೆ ಬರುವುದಿಲ್ಲ. ಸೂಚ್ಯಂಕ ಅದನ್ನು ಬಿಟ್ಟು ಉಳಿದ 60 ಕೋಟಿಯನ್ನು ಮಾತ್ರ ಎಣಿಸುತ್ತದೆ. ಇದಕ್ಕೆ ಫ್ರೀ ಫ್ಲೋಟ್ ಅನ್ನುತ್ತಾರೆ. ಸೆನ್ಸೆಕ್ಸ್ 2003ರಿಂದ ಈ ಲೆಕ್ಕಕ್ಕೆ ಬಂತು. ಅಕ್ಕಿ ಗಿರಣಿಯ ಬೆಲೆ 20 ಕೋಟಿ, ಅರ್ಧ ಮನೆಯವರದು, ಎಣಿಕೆಗೆ ಸಿಗುವುದು 10. ಉಳಿದ ಮೂರೂ ತಲಾ 10 ಕೋಟಿ, ಪೂರ್ತಿ ಪೇಟೆಯಲ್ಲೇ. ಒಟ್ಟು 100 ಕೋಟಿ. ಮೊದಲ ದಿನ ಇದಕ್ಕೆ 1,000 ಅಂಕ ಎಂದು ಹೆಸರಿಡುತ್ತೇವೆ, ಅಂದರೆ 100 ಕೋಟಿಯನ್ನು 10 ಲಕ್ಷದಿಂದ ಭಾಗಿಸುತ್ತೇವೆ. ಈ 10 ಲಕ್ಷವೇ ಭಾಜಕ. ಅದನ್ನು ನೆನಪಿಡಿ, ಮುಂದೆ ಅದರ ಕೈಚಳಕ ಇದೆ. ಸೆನ್ಸೆಕ್ಸ್‌ನಲ್ಲಿ ಹೀಗೆ ಹೆಸರಿಟ್ಟದ್ದು 1978-79ರ ಬೆಲೆಗೆ 100 ಎಂದು.

ಎರಡನೇ ದಿನ ಕಾರ್ಖಾನೆಯ ಷೇರು ಶೇ 12 ಏರಿತು. ಉಳಿದ ನಾಲ್ಕೂ ಶೇ 5 ಇಳಿದವು. 60 ಕೋಟಿ ಹೋಗಿ 67.2 ಆಯಿತು, ನಾಲ್ಕು ಹತ್ತುಗಳು ನಾಲ್ಕು ಒಂಬತ್ತೂವರೆಗಳಾಗಿ 38 ಆದವು. ಕೂಡಿದರೆ 105.2 ಕೋಟಿ, ಸೂಚ್ಯಂಕ 1,052. ಬೋರ್ಡಿನಲ್ಲಿ ಹಸಿರು ಬಾಣ! ಊರಿನ ಐದರಲ್ಲಿ ನಾಲ್ಕು ವ್ಯಾಪಾರ ನೆಲ ಕಚ್ಚುತ್ತಿರುವಾಗ ಮಂಡ್ಯ ಶೇ 5.2ರಷ್ಟು ಉದ್ಧಾರವಾಗಿದೆ. ಐವರಿಗೂ ಸಮಪಾಲು ಕೊಟ್ಟು ಸರಾಸರಿ ತೆಗೆದಿದ್ದರೆ ಶೇ 1.6 ಇಳಿಕೆ ಬರುತ್ತಿತ್ತು. ಅದೇ ಊರು, ಅದೇ ದಿನ.

ಇಲ್ಲಿಗೆ ನಿಂತಿದ್ದರೆ ಪರವಾಗಿರಲಿಲ್ಲ. ಟಿವಿಯವರು ಇನ್ನೊಂದು ಗುಣಾಕಾರ ಮಾಡುತ್ತಾರೆ: "ಒಂದೇ ದಿನದಲ್ಲಿ ಹೂಡಿಕೆದಾರರ ಸಂಪತ್ತು ಒಂಬತ್ತೂವರೆ ಕೋಟಿ ಹೆಚ್ಚಳ." ಈ ಲೆಕ್ಕಕ್ಕೆ ಮಾತ್ರ ಮಾಲೀಕರ ಮನೆಯ ಷೇರೂ ಬೇಕು. ಕಾರ್ಖಾನೆ 12 ಕೋಟಿ ಏರಿತು, ಉಳಿದವು ಒಟ್ಟು ಎರಡೂವರೆ ಕೋಟಿ ಇಳಿದವು, ಮಿಕ್ಕದ್ದು ಒಂಬತ್ತೂವರೆ. ಅಂಕ ಎಣಿಸುವಾಗ ಹೊರಗಿಟ್ಟ ಮಾಲೀಕರನ್ನು ಸಂಭ್ರಮ ಎಣಿಸುವಾಗ ಒಳಗೆ ಕರೆದುಕೊಂಡು "ಹೂಡಿಕೆದಾರರು" ಎಂಬ ಬಹುವಚನದಲ್ಲಿ ನಿಮ್ಮನ್ನೂ ಸೇರಿಸುತ್ತಾರೆ.

ಅಷ್ಟು ದುಡ್ಡು ಎಲ್ಲಿಂದ ಬಂತು? ಎಲ್ಲಿಂದಲೂ ಬರಲಿಲ್ಲ. ಆ ದಿನ ಕಾರ್ಖಾನೆಯ ಷೇರು 112 ರೂಪಾಯಿಯಂತೆ ಕೈ ಬದಲಾದದ್ದು ಬರೀ 500 ಎಂದಿಟ್ಟುಕೊಳ್ಳಿ. ಅಂದರೆ 56,000 ರೂಪಾಯಿಯ ವ್ಯಾಪಾರ. ಉಳಿದ 99,99,500 ಷೇರುಗಳಿಗೂ ಅದೇ ಬೆಲೆ ಬರೆದರು, ಅಷ್ಟೇ. ಮೈಸೂರಿನ ವಿಜಯನಗರ 4ನೇ ಹಂತದಲ್ಲಿ ಒಂದು ಮೂಲೆ ಸೈಟು ಹೆಚ್ಚಿನ ದರಕ್ಕೆ ಹೋದ ದಿನ ಇಡೀ ರಸ್ತೆಯವರು ರಾತ್ರಿ ಮಲಗುವಾಗ ಲಕ್ಷಗಳಲ್ಲಿ ಸಾಹುಕಾರರಾಗುವುದು ಹೀಗೆಯೇ. ಬೆಳಗಾಗಿ ಎಲ್ಲರೂ ಒಟ್ಟಿಗೆ ಮಾರಲು ಬೋರ್ಡು ಹಾಕಿದರೆ ಆ ದರ ಎಲ್ಲಿರುತ್ತದೆ ಎಂದು ದಲ್ಲಾಳಿಗಳನ್ನು ಕೇಳಿ, ಚೆನ್ನಾಗಿ ಹೇಳುತ್ತಾರೆ.

ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ ಸುದ್ದಿ ತಲುಪಿದ ರೀತಿ:

"ಏನಣ್ಣ, ಒಂಬತ್ತೂವರೆ ಕೋಟಿ ಬಂದದಂತಲ್ಲ ನಮ್ಮೂರ್ಗೆ?"

"ಬಂದದೆ ಕಣ್ಲಾ. ಯಾರ್ ಮನೆಗೆ ಅಂತ ಹೇಳ್ನಿಲ್ಲ, ಅಷ್ಟೇಯ."

ಯಾರ ಮನೆಗೆ ಎನ್ನುವುದಕ್ಕಿಂತ ಯಾಕೆ ಏರಿತು ಎನ್ನುವುದು ಸ್ವಾರಸ್ಯದ ಪ್ರಶ್ನೆ. ಷೇರಿನ ಬೆಲೆ ಅಂದರೆ ಮುಂದೆ ಬರಲಿರುವ ಲಾಭದ ಬಗ್ಗೆ ಪೇಟೆಯ ಅಂದಾಜು. ಆ ಲಾಭ ಸಕ್ಕರೆ ಹೆಚ್ಚು ಮಾರಿದ್ದರಿಂದ ಬಂತೋ, ಖರ್ಚು ಕಡಿಮೆಯಾದದ್ದರಿಂದ ಬಂತೋ, ಪೇಟೆಗೆ ಎರಡೂ ಒಂದೇ. ಖರ್ಚು ಎಂದರೆ ಯಾರು? ಕಬ್ಬು ಬೆಳೆದವನು, ಕಡಿದವನು, ಗಾಡಿ ಹೊಡೆದವನು. ನಮ್ಮ ಕಾಲ್ಪನಿಕ ಕಾರ್ಖಾನೆ 30 ಕೋಟಿಯ ಕಬ್ಬಿನ ಬಿಲ್ಲನ್ನು ಎರಡು ತಿಂಗಳು ತಡ ಮಾಡಿತು ಎನ್ನಿ. ಅಷ್ಟೇ ಹಣವನ್ನು ಬ್ಯಾಂಕಿನಿಂದ ಶೇ 10ರ ಬಡ್ಡಿಗೆ ತಂದಿದ್ದರೆ 50 ಲಕ್ಷ ಬಡ್ಡಿ ಕಟ್ಟಬೇಕಿತ್ತು. ಈಗ ಆ ಸಾಲ ಕೊಟ್ಟವನು ರೈತ, ಬಡ್ಡಿ ಸೊನ್ನೆ. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಅದರಂತೆ ಕೊಟ್ಟರೆ ಕಾರ್ಖಾನೆಯ ಖರ್ಚು ಏರಿ ಮಂಡ್ಯೆಕ್ಸ್ ಒಂದಷ್ಟು ಇಳಿಯುತ್ತದೆ. ಹಾಗಾದ ಸಂಜೆ "ಮಂಡ್ಯಕ್ಕೆ ಆಘಾತ, ಪೇಟೆ ಕುಸಿತ" ಎಂದು ಸುದ್ದಿ ಬರುತ್ತದೆ, ಅದೇ ಹೊತ್ತಿಗೆ ಐದಾರು ಹಳ್ಳಿಯಲ್ಲಿ ಸೊಸೈಟಿ ಸಾಲ ತೀರಿರುತ್ತದೆ.

ಇನ್ನು ಭಾಜಕದ ಕೈಚಳಕ. ಮೂರನೇ ವಾರ ಎಣ್ಣೆ ಗಾಣ ಮುಳುಗುವ ಹಂತಕ್ಕೆ ಬಂತು. ಅದರ ಬೆಲೆ 2 ಕೋಟಿಗೆ ಇಳಿದು, ಉಳಿದವು ಅಲ್ಲೇ ನಿಂತು, ಒಟ್ಟು 97.7 ಕೋಟಿ ಆಯಿತು. ಸೂಚ್ಯಂಕ 977. ಸೂಚ್ಯಂಕ ಸಮಿತಿ ಸೇರಿತು. ಗಾಣಕ್ಕೆ ಹಾರ ಹಾಕಿ ಬೀಳ್ಕೊಟ್ಟು, ಅದರ ಜಾಗಕ್ಕೆ 20 ಕೋಟಿಯ ಮೊಬೈಲ್ ಷೋರೂಮನ್ನು ತಂದಿತು. ಒಟ್ಟು ಈಗ 115.7 ಕೋಟಿ. ಹಾಗೆಂದು ಸೂಚ್ಯಂಕ ಒಮ್ಮೆಲೇ 1,157ಕ್ಕೆ ಹಾರುವಂತಿಲ್ಲ, ಅದು ಮೋಸವಾಗುತ್ತದೆ. ಆದ್ದರಿಂದ ಭಾಜಕವನ್ನು 10 ಲಕ್ಷದಿಂದ ಸುಮಾರು 11.84 ಲಕ್ಷಕ್ಕೆ ಏರಿಸಿ 977ರಲ್ಲೇ ನಿಲ್ಲಿಸುತ್ತಾರೆ. ಇದು ಪ್ರಾಮಾಣಿಕ ಲೆಕ್ಕವೇ, ಗಾಣ ಆವರೆಗೆ ಇಳಿದದ್ದು ಅಳಿಸಿಹೋಗಿಲ್ಲ. ಆದರೆ ಮರುದಿನದಿಂದ ಗಾಣ ಬೀಗ ಹಾಕಿಕೊಂಡರೂ, ಕೆಲಸದವರು ಕೆ.ಆರ್. ಪೇಟೆ ಬಸ್ಸು ಹತ್ತಿ ಊರಿಗೆ ಹೋದರೂ ಬೋರ್ಡಿನಲ್ಲಿ ಒಂದಂಕ ಅಲುಗುವುದಿಲ್ಲ. ಷೋರೂಮು ಏರಿದರೆ ಮಾತ್ರ ಏರುತ್ತದೆ.

ಸೆನ್ಸೆಕ್ಸ್‌ನಲ್ಲೂ ಹೀಗೇ. 2009ರ ಜನವರಿಯಲ್ಲಿ ಸತ್ಯಂ ಕಂಪನಿಯ ಲೆಕ್ಕದ ವಂಚನೆ ಬಯಲಾದ ಕೂಡಲೇ ಅದನ್ನು ಪಟ್ಟಿಯಿಂದ ತೆಗೆದರು. 1986ರಲ್ಲಿ ಸೆನ್ಸೆಕ್ಸ್ ಶುರುವಾದಾಗ ಇದ್ದ ಮೂವತ್ತರಲ್ಲಿ ಹೆಚ್ಚಿನವು ಇಂದಿನ ಪಟ್ಟಿಯಲ್ಲಿಲ್ಲ. "ನಲವತ್ತು ವರ್ಷದಲ್ಲಿ ಎಷ್ಟು ಪಟ್ಟು ಏರಿದೆ ನೋಡಿ" ಎನ್ನುವವರು ತೋರಿಸುವುದು ಪ್ರತಿ ಸಲ ನಪಾಸಾದವರನ್ನು ಬಿಟ್ಟು ಹೊಸ ಹುಡುಗರನ್ನು ಸೇರಿಸಿಕೊಂಡ ತರಗತಿಯ ಫಲಿತಾಂಶವನ್ನು. ಅಂಥ ತರಗತಿ ಯಾವತ್ತೂ ಪ್ರಥಮ ದರ್ಜೆಯೇ.

ಉತ್ಪ್ರೇಕ್ಷೆ ಅನ್ನುವವರಿಗೆ ನಿಜವಾದ ಒಂದು ವರ್ಷ. 2020ರ ಮಾರ್ಚ್ 31ರಂದು ಸೆನ್ಸೆಕ್ಸ್ ಮುಗಿದದ್ದು 29,468ರಲ್ಲಿ. 2021ರ ಮಾರ್ಚ್ 31ರಂದು 49,509. ಲಾಕ್‌ಡೌನ್ ಆಗಿ, ಬಸ್ಸು ನಿಂತು, ಹೋಟೆಲು ಬಾಗಿಲು ಹಾಕಿ, ದೇಶದ ಒಟ್ಟು ಉತ್ಪನ್ನವೇ ಹಿಂದಿನ ವರ್ಷಕ್ಕಿಂತ ಕುಗ್ಗಿದ ವರ್ಷವದು. ಸೂಚ್ಯಂಕ ಶೇ 68 ಏರಿತು. ಅದು ಸುಳ್ಳು ಹೇಳಲಿಲ್ಲ. ಮಾರ್ಚಿನಲ್ಲಿ ಹೆದರಿ ನೆಲಕ್ಕೆ ಬಿದ್ದಿದ್ದ ಬೆಲೆ ಎದ್ದಿತ್ತು, ಬಡ್ಡಿ ಇಳಿದಿತ್ತು, ದೊಡ್ಡ ಕಂಪನಿಗಳು ಉಳಿದುಕೊಳ್ಳುತ್ತವೆ ಎಂದು ಪೇಟೆ ಅಂದಾಜು ಮಾಡಿತ್ತು. ಅಶೋಕ ರಸ್ತೆಯ ಸಣ್ಣ ಅಂಗಡಿ ಉಳಿಯುತ್ತದೋ ಇಲ್ಲವೋ ಎಂದು ಅದನ್ನು ಯಾರೂ ಕೇಳಿರಲಿಲ್ಲ.

ಹಸಿರು ಬಾಣ ಕಂಡ ಸಂಜೆ ನೋಡಬೇಕಾದದ್ದು ಎರಡು. ಎಷ್ಟು ಷೇರು ಏರಿದವು, ಎಷ್ಟು ಇಳಿದವು ಎಂಬ ಸಂಖ್ಯೆ ಪೇಟೆಯವರೇ ಪ್ರತಿದಿನ ಕೊಡುತ್ತಾರೆ. ಸೂಚ್ಯಂಕ ಏರಿ, ಇಳಿದವರ ಸಂಖ್ಯೆಯೇ ಹೆಚ್ಚಿದ್ದರೆ ಆನೆ ಮಾತ್ರ ದಪ್ಪವಾಗಿದೆ ಎಂದು ಅರ್ಥ. ಎರಡನೆಯದು ನಿಫ್ಟಿ 50 ಈಕ್ವಲ್ ವೇಟ್ ಎಂಬ ಸೂಚ್ಯಂಕ. ಅದೇ ಐವತ್ತು ಕಂಪನಿ, ಆದರೆ ಎಲ್ಲರಿಗೂ ಸಮಪಾಲು. ಎರಡರ ನಡುವಿನ ಅಂತರ ಹಿಗ್ಗಿದಷ್ಟೂ ಕೆಲವರ ಹೆಗಲ ಮೇಲೆ ಮೆರವಣಿಗೆ ಹೋಗುತ್ತಿದೆ. ಟಿವಿಯಲ್ಲಿ ಇದಕ್ಕೆ ಬಾಣವಿಲ್ಲ, ಹುಡುಕಿಕೊಂಡು ಹೋಗಬೇಕು.

"ಹಾಗಾದರೆ ಷೇರಿಲ್ಲದವರಿಗೆ ಏನೂ ಇಲ್ಲವೇ" ಎಂದರೆ, ಇದೆ. ಮದ್ದೂರಿನ ಗಾರ್ಮೆಂಟ್ಸ್ ಹುಡುಗಿಯ ಪಿಎಫ್ ಹಣದ ಒಂದು ಸಣ್ಣ ಪಾಲು 2015ರಿಂದ ಸೂಚ್ಯಂಕವನ್ನು ಹಿಂಬಾಲಿಸುವ ಫಂಡುಗಳಿಗೆ ಹೋಗುತ್ತಿದೆ. ಆದರೆ ಅವಳ ಖಾತೆಗೆ ಬರುವುದು ವರ್ಷಕ್ಕೊಮ್ಮೆ ಘೋಷಿಸುವ ಬಡ್ಡಿ. 2023-24ರಲ್ಲಿ ಶೇ 8.25, 2024-25ರಲ್ಲೂ ಅಷ್ಟೇ. ಆ ಎರಡನೇ ವರ್ಷದಲ್ಲೇ ಸೆನ್ಸೆಕ್ಸ್ ಮೊದಲ ಬಾರಿಗೆ 80,000 ದಾಟಿ, ಟಿವಿಯಲ್ಲಿ ಲಡ್ಡು ಹಂಚಿದ್ದರು.