ಮೂರೂವರೆಯ ಮೀಟಿಂಗ್ ಮುಂದೆ ಹಾಕುವುದು

ಮುಂಬೈಯಲ್ಲಿ ಮಧ್ಯಾಹ್ನ ಮೂರೂವರೆಯ ಮೀಟಿಂಗ್ ಮೂರೂವರೆಗೆ ಶುರುವಾಗುವುದಿಲ್ಲ. ಡೊಂಬಿವಲಿಯಿಂದ ಮಾಟುಂಗಕ್ಕೆ ಬರುವವರಿಗೆ ಅದು ಒಂದೂಮುಕ್ಕಾಲಿಗೇ ಶುರು. ಮನೆಯಿಂದ ಸ್ಟೇಷನ್ನಿಗೆ ರಿಕ್ಷಾ, ಆಮೇಲೆ ಫಾಸ್ಟ್ ಲೋಕಲ್. ಆ ಫಾಸ್ಟ್ ಮಾಟುಂಗದಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಕುರ್ಲಾದಲ್ಲಿ ಇಳಿದು ಸ್ಲೋ ಹಿಡಿಯಬೇಕು, ಇಲ್ಲ ದಾದರ್‌ವರೆಗೆ ಹೋಗಿ ಒಂದು ಸ್ಟೇಷನ್ ಹಿಂದೆ ಬರಬೇಕು. ಒಂದೂಮುಕ್ಕಾಲಿಗೆ ಹೊರಡಬೇಕಾದರೆ ಒಂದಕ್ಕೆ ಊಟ, ಅದಕ್ಕೂ ಮೊದಲು ಇಸ್ತ್ರಿ ಮಾಡಿದ ಶರ್ಟು. ಇಷ್ಟೆಲ್ಲ ಆದಮೇಲೆ ಎರಡೂವರೆಗೆ ಫೋನ್ ಮಾಡಿ "ಸಾರಿ, ಇವತ್ತು ಆಗಲ್ಲ, ಇನ್ನೂ ಒಂದು ಗಂಟೆ ಮುಂಚೆಯೇ ಹೇಳ್ತಾ ಇದೀನಿ ಅಲ್ವಾ" ಅಂದರೆ, ಆ ಮನುಷ್ಯ ಅಷ್ಟೊತ್ತಿಗೆ ಠಾಣೆಯ ಹತ್ತಿರ ಬಾಗಿಲಲ್ಲಿ ನೇತಾಡುತ್ತಾ ಇರುತ್ತಾನೆ. ಏನು ಉತ್ತರ ಕೊಡಬೇಕು ಹೇಳಿ.

ನಾನು ಫೋರ್ಟ್‌ನಲ್ಲಿ ಒಬ್ಬ ಆಡಿಟರ ಹತ್ತಿರ ಕೆಲಸ ಮಾಡುವವನು. ಲೆಕ್ಕ ಬರೆಯುವುದು ಹೆಸರಿಗೆ. ಅರ್ಧ ದಿನ ಹೋಗುವುದು ಸರ್ ಯಾರನ್ನು ಯಾವಾಗ ನೋಡಬೇಕು ಅನ್ನುವುದನ್ನು ಹೊಂದಿಸುವುದರಲ್ಲಿ, ಉಳಿದರ್ಧ ಹೊಂದಿಸಿದ್ದನ್ನು ಬದಲಾಯಿಸುವುದರಲ್ಲಿ. ನನ್ನ ಮಟ್ಟಿಗೆ "ಶಾರ್ಟ್ ನೋಟಿಸ್" ಅನ್ನುವುದನ್ನು ಮೀಟಿಂಗ್ ಗಂಟೆಯಿಂದ ಹಿಂದಕ್ಕೆ ಎಣಿಸಬಾರದು, ಎದುರಿನವರು ಮನೆ ಬಾಗಿಲು ಹಾಕುವ ಗಂಟೆಯಿಂದ ಎಣಿಸಬೇಕು. ಆ ಗಂಟೆ ದಾಟಿತು ಅಂದರೆ ಮುಂದೆ ಹಾಕುವ ಮಾತೇ ಇಲ್ಲ. ಯಾರನ್ನಾದರೂ ಕಳಿಸಬೇಕು, ಅಥವಾ ಅರ್ಧ ಕೆಲಸವನ್ನಾದರೂ ಮುಗಿಸಿಕೊಡಬೇಕು.

ಮೊನ್ನೆ ಜುಲೈ ತಿಂಗಳ ಒಂದು ಗುರುವಾರ. ಮಾಟುಂಗದಲ್ಲಿ ಹೋಟೆಲ್ ಇಟ್ಟಿರುವ ಶೆಟ್ಟರ ಹತ್ತಿರ ಮೂರೂವರೆಗೆ ಮೀಟಿಂಗ್ ಪಕ್ಕಾ ಆಗಿತ್ತು. ಪಾಲುದಾರಿಕೆ ಪತ್ರ ಬದಲಾಗಬೇಕು, ಶೆಟ್ಟರ ಭಾವ ಹೊಸ ಪಾಲುದಾರ. ಆ ಡೊಂಬಿವಲಿಯವರು ಈ ಭಾವನೇ. ಬೆಳಿಗ್ಗೆ ಹತ್ತೂವರೆಗೆ ತೆರಿಗೆ ಅಧಿಕಾರಿಯ ಕಡೆಯಿಂದ ಫೋನ್ ಬಂತು. ಬೇರೆ ಒಬ್ಬ ಕ್ಲೈಂಟಿನ ಹಿಯರಿಂಗ್ ಶುಕ್ರವಾರ ಇದ್ದದ್ದು ಇವತ್ತೇ ಮೂರು ಗಂಟೆಗೆ, ಸಾಹೇಬರು ನಾಳೆ ಊರಲ್ಲಿ ಇರುವುದಿಲ್ಲ. ಸರ್ ನನ್ನ ಮುಖ ನೋಡಿದರು. ಅಂದರೆ ಈಗ ನನ್ನ ಕೆಲಸ.

ಗಡಿಯಾರ ನೋಡಿದೆ. ಭಾವ ಹೊರಡುವುದಕ್ಕೆ ಇನ್ನೂ ಮೂರೂಕಾಲು ಗಂಟೆ ಇದೆ, ಊಟಕ್ಕೆ ಕೂರುವುದಕ್ಕೆ ಎರಡೂವರೆ. ಸಾಕು. ಆದರೆ ಶೆಟ್ಟರಿಗೆ ಮೆಸೇಜ್ ಹಾಕಿ ಕೂತರೆ ಆಗುವುದಿಲ್ಲ. ಗಲ್ಲಾದ ಮೇಲೆ ಕೂತವರು ಮೆಸೇಜ್ ನೋಡುವುದು ರಾತ್ರಿ ಶಟರ್ ಎಳೆದ ಮೇಲೆ. ಅದೇ ದಿನದ ಬದಲಾವಣೆ ಅಂದರೆ ಮೊದಲು ಫೋನ್, ಆಮೇಲೆ ಮೆಸೇಜ್. ಫೋನಿಗೂ ಹೊತ್ತು ನೋಡಬೇಕು. ಹನ್ನೊಂದರ ಸುಮಾರಿಗೆ ಇಡ್ಲಿ ದೋಸೆಯ ಗಲಾಟೆ ಇಳಿದಿರುತ್ತದೆ, ಊಟದ ಗಿರಾಕಿ ಇನ್ನೂ ಬಂದಿರುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಮಾಡಿದರೆ ಶೆಟ್ಟರು ಸ್ವಂತ ಮನುಷ್ಯನ ಹಾಗೆ ಮಾತಾಡುತ್ತಾರೆ. ಒಂದೂವರೆಗೆ ಮಾಡಿದರೆ "ಹಾಂ ಹಾಂ" ಅಂತ ಇಟ್ಟುಬಿಡುತ್ತಾರೆ, ಕೇಳಿಸಿಕೊಂಡರೋ ಇಲ್ಲವೋ ದೇವರಿಗೇ ಗೊತ್ತು.

ಫೋನ್ ಮಾಡುವ ಮೊದಲು ಇನ್ನೊಂದು ಕೆಲಸ. ಎರಡು ಬೇರೆ ಟೈಮ್ ಕೈಯಲ್ಲಿ ಇಟ್ಟುಕೊಳ್ಳಬೇಕು. "ನಿಮಗೆ ಯಾವಾಗ ಆಗತ್ತೆ ಹೇಳಿ, ನಾವು ಬರ್ತೀವಿ" ಅನ್ನುವುದು ಕೇಳುವುದಕ್ಕೆ ಬಹಳ ವಿನಯದ ಮಾತು. ಆದರೆ ತಪ್ಪಿಸಿದವರು ನಾವು, ಹೊಸ ಟೈಮ್ ಹುಡುಕುವ ತಲೆನೋವು ಅವರಿಗೆ. ಅವರು ಭಾವನಿಗೆ ಫೋನ್ ಮಾಡಬೇಕು, ಭಾವ ಹೆಂಡತಿಯನ್ನು ಕೇಳಬೇಕು, ಕೊನೆಗೆ ಅವರು ಒಂದು ಟೈಮ್ ಹೇಳಿದಾಗ ನಾವು "ಅಯ್ಯೋ, ಅವತ್ತು ಸರ್ ಪುಣೆಗೆ ಹೋಗ್ತಾರೆ" ಅನ್ನಬೇಕು. ಒಂದೇ ಟೈಮ್ ಕೊಟ್ಟರೆ ಅಪ್ಪಣೆ ಕೊಟ್ಟ ಹಾಗೆ ಆಗುತ್ತದೆ. ಐದು ಕೊಟ್ಟರೆ ಈ ಆಡಿಟರಿಗೆ ಕೆಲಸವೇ ಇಲ್ಲವೇನೋ ಅನ್ನಿಸುತ್ತದೆ, ಅದಕ್ಕಿಂತ ಜಾಸ್ತಿಯಾಗಿ ಐದನ್ನೂ ಬೇರೆಯವರಿಗೆ ಕೊಡದೆ ಕಾಯ್ದಿಡುವುದು ನಮ್ಮಿಂದ ಆಗುವುದಿಲ್ಲ. ಎರಡನ್ನು ಕಾಯಬಹುದು. ಅದಕ್ಕೇ ಎರಡು.

ಆ ಎರಡೂ ಒಂದೇ ಜಾತಿಯವು ಆಗಿರಬಾರದು. ಶುಕ್ರವಾರ ಮೂರು, ಶುಕ್ರವಾರ ಮೂರೂವರೆ ಅಂತ ಕೊಟ್ಟರೆ ಅದು ಒಂದೇ ಟೈಮ್, ಸುಮ್ನೆ ಎರಡು ಸಲ ಹೇಳಿದ್ದು. ಶುಕ್ರವಾರ ಭಾವನಿಗೆ ಆಗದಿದ್ದರೆ ಎರಡೂ ಹೋಯಿತು. ದಿನ ಬೇರೆ ಇರಬೇಕು, ಹೊತ್ತೂ ಬೇರೆ ಇರಬೇಕು. ಅವರ ದಿನದಲ್ಲಿ ಎಲ್ಲಿ ಜಾಗ ಇದೆ ಅಂತ ನೋಡಿ ಕೊಡಬೇಕು, ನಮ್ಮ ದಿನದಲ್ಲಿ ಎಲ್ಲಿ ಖಾಲಿ ಇದೆ ಅಂತ ಅಲ್ಲ. ಹೋಟೆಲಿನವರಿಗೆ ಉಸಿರಾಡುವ ಹೊತ್ತು ಎರಡೇ. ತಿಂಡಿ ಮುಗಿದು ಊಟ ಶುರುವಾಗುವ ನಡುವೆ ಒಂದು, ಊಟ ಮುಗಿದು ಸಂಜೆಯ ಚಾ ಶುರುವಾಗುವ ನಡುವೆ ಇನ್ನೊಂದು.

ಮಳೆಗಾಲದಲ್ಲಿ ನಾನು ಹೈಟೈಡ್ ಕೂಡ ನೋಡುತ್ತೇನೆ. ಆಫೀಸಿನಲ್ಲಿ ನಗುತ್ತಾರೆ, ನಗಲಿ. ಜೋರು ಮಳೆಯೂ ಸಮುದ್ರದ ಉಬ್ಬರವೂ ಒಟ್ಟಿಗೆ ಬಂದರೆ ಊರಿನ ನೀರು ಸಮುದ್ರಕ್ಕೆ ಇಳಿಯುವುದಿಲ್ಲ, ಮಾಟುಂಗದ ಪಕ್ಕದ ಕಿಂಗ್ಸ್ ಸರ್ಕಲ್‌ನಲ್ಲಿ ಆಗ ಮೊಣಕಾಲು ನೀರು. ಈ ಹೈಟೈಡ್ ದಿನಾ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಗುರುವಾರ ಮಧ್ಯಾಹ್ನ ಒಂದೂವರೆಗೆ ಇದ್ದದ್ದು ಶುಕ್ರವಾರ ಎರಡು ಇಪ್ಪತ್ತರ ಹೊತ್ತಿಗೆ, ಶನಿವಾರ ಮೂರು ದಾಟಿ. ಅಂದರೆ ಮಧ್ಯಾಹ್ನದ ಮೀಟಿಂಗನ್ನು ಶುಕ್ರವಾರ ಮಧ್ಯಾಹ್ನಕ್ಕೋ ಶನಿವಾರ ಮಧ್ಯಾಹ್ನಕ್ಕೋ ಅಂತ ಕೊಟ್ಟರೆ, ಮಳೆ ಹಿಡಿದುಕೊಂಡಿತು ಅಂದರೆ ಎರಡೂ ಒಂದೇ ನೀರಿನಲ್ಲಿ ಮುಳುಗುತ್ತವೆ. ಹಾಗಾಗಿ ಒಂದನ್ನು ಬೆಳಿಗ್ಗೆಗೆ ಹಾಕಿದೆ. ಭಾನುವಾರದ ಯೋಚನೆಯನ್ನೇ ಮಾಡಲಿಲ್ಲ. ಸೆಂಟ್ರಲ್ ಲೈನಿನಲ್ಲಿ ಭಾನುವಾರ ಅಂದರೆ ಮೆಗಾಬ್ಲಾಕ್, ಹಳಿ ರಿಪೇರಿಗೆ ಅಂತ ಗಂಟೆಗಟ್ಟಲೆ ಲೈನ್ ಮುಚ್ಚುತ್ತಾರೆ, ಭಾವ ನಮ್ಮನ್ನು ಕ್ಷಮಿಸುವುದಿಲ್ಲ.

ಸರ್ ಮೊಬೈಲಿನ ಕ್ಯಾಲೆಂಡರಿನಲ್ಲಿ ಎರಡೂ ಕಡೆ ಶೆಟ್ಟರ ಹೆಸರು ಹಾಕಿ ಲಾಕ್ ಮಾಡಿದೆ. ಇದನ್ನು ಫೋನಿಗೆ ಮೊದಲೇ ಮಾಡಬೇಕು. ಯಾಕೆಂದರೆ ಸರ್ ಕೂಡ ಮನುಷ್ಯರು, ನಾನು ಶೆಟ್ಟರ ಜೊತೆ ಮಾತಾಡುತ್ತಿರುವಾಗಲೇ ಅದೇ ಟೈಮನ್ನು ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾರೆ.

ಆಮೇಲೆ ಫೋನ್. ಮೊದಲ ಮಾತಿನಲ್ಲೇ ವಿಷಯ ಹೇಳಿದೆ. ಹೇಗಿದ್ದೀರಿ, ಮಳೆ ಹೇಗಿದೆ, ಮಗಳ ಅಡ್ಮಿಷನ್ ಆಯ್ತಾ ಅಂತ ಸುತ್ತಿ ಬಳಸಿ ಬಂದರೆ ಶೆಟ್ಟರಿಗೆ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ, ಏನೋ ಕೆಟ್ಟ ಸುದ್ದಿ ಬರ್ತಾ ಇದೆ ಅಂತ. ಕಾರಣ ಒಂದೇ ಸಾಲು. "ಅನಿವಾರ್ಯ ಕಾರಣಗಳಿಂದ" ಅಂದರೆ ನಾಟಕ ಮುಂದೂಡಿದ ಬೋರ್ಡಿನ ಹಾಗೆ ಕೇಳಿಸುತ್ತದೆ. ಉದ್ದುದ್ದ ಕಥೆ ಹೇಳಿದರೆ ನಿಜವೂ ಸುಳ್ಳಾಗುತ್ತದೆ. ಟ್ರೇನ್ ಲೇಟು ಅನ್ನುವುದಂತೂ ಈ ಊರಿನಲ್ಲಿ ಸವೆದು ಹೋದ ನಾಣ್ಯ, ನಿಜವಾಗಿ ಲೇಟಾದಾಗಲೂ ಯಾರೂ ತೆಗೆದುಕೊಳ್ಳುವುದಿಲ್ಲ. ಇನ್ನೊಬ್ಬ ಕ್ಲೈಂಟಿನ ಹೆಸರು ಹೇಳುವ ಹಾಗಿಲ್ಲ. "ತೆರಿಗೆ ಹಿಯರಿಂಗ್ ಇವತ್ತಿಗೆ ಬಂತು, ಸರ್ ಇರಲೇಬೇಕು" ಅಷ್ಟೇ ಸಾಕು. ಹೋಟೆಲ್ ನಡೆಸುವವರಿಗೆ ಆ ಮಾತು ಬೇಗ ಅರ್ಥವಾಗುತ್ತದೆ, ನಾಳೆ ಆ ಹಿಯರಿಂಗ್ ತಮ್ಮದೇ ಇರಬಹುದು.

ಫೋನ್ ಇಟ್ಟ ತಕ್ಷಣ ಈ ಮೆಸೇಜ್ ಕಳಿಸಿದೆ, ಶೆಟ್ಟರಿಗೂ ಭಾವನಿಗೂ:

"ನಮಸ್ಕಾರ ಶೆಟ್ರೇ. ಇವತ್ತು ಗುರುವಾರ 3.30ರ ಮೀಟಿಂಗ್ ಮುಂದೆ ಹಾಕಬೇಕಾಗಿದೆ. ತೆರಿಗೆ ಹಿಯರಿಂಗ್ ಇವತ್ತಿಗೆ ಬಂದಿದೆ, 3 ಗಂಟೆಗೆ ಸರ್ ಅಲ್ಲಿರಬೇಕು. ನೀವೂ ಭಾವನವರೂ ಟೈಮ್ ಇಟ್ಟುಕೊಂಡಿದ್ದಿರಿ, ಕ್ಷಮಿಸಿ. ನಿಮಗಾಗಿ ಎರಡು ಟೈಮ್ ತೆಗೆದಿಟ್ಟಿದ್ದೇವೆ. ನಾಳೆ ಶುಕ್ರವಾರ ಮಧ್ಯಾಹ್ನ 3.15ರಿಂದ 4, ಇಲ್ಲವೇ ಶನಿವಾರ ಬೆಳಿಗ್ಗೆ 10.45ರಿಂದ 11.30. ಎರಡಕ್ಕೂ ನಾವೇ ನಿಮ್ಮ ಹೋಟೆಲಿಗೆ ಬರುತ್ತೇವೆ. ಯಾವುದು ಅಂತ ಇವತ್ತು ಸಂಜೆ 6ರೊಳಗೆ ಹೇಳಿ, ಅಲ್ಲಿಯವರೆಗೆ ಎರಡನ್ನೂ ಬೇರೆ ಯಾರಿಗೂ ಕೊಡುವುದಿಲ್ಲ. ಪತ್ರದ ಡ್ರಾಫ್ಟ್ ಈಗಲೇ ಕಳಿಸಿದ್ದೇನೆ, ಪುಟ 2ರಲ್ಲಿ ಲಾಭದ ಪಾಲು ಸರಿ ಇದೆಯಾ ನೋಡಿ."

ಇದರಲ್ಲಿ ನಾನು ಜಾಸ್ತಿ ಯೋಚಿಸಿದ್ದು ಕೊನೆಯ ಎರಡು ಮಾತಿಗೆ. ಸಂಜೆ ಆರು ಅಂತ ಹೇಳದಿದ್ದರೆ ಎರಡು ಟೈಮೂ ವಾರಗಟ್ಟಲೆ ನೇತಾಡುತ್ತವೆ, ನಾನು ಶನಿವಾರವನ್ನು ಇನ್ನೊಬ್ಬರಿಗೆ ಕೊಟ್ಟ ಮರುಕ್ಷಣ ಅವರ ಉತ್ತರ ಬರುತ್ತದೆ. ಡ್ರಾಫ್ಟ್ ಕಳಿಸಿದ್ದಕ್ಕೆ ಕಾರಣ, ಅವರ ಗುರುವಾರ ಪೂರ್ತಿ ಹಾಳಾಗಬಾರದು. ಮೀಟಿಂಗ್ ಹೋಯಿತು, ಕೆಲಸ ನಿಲ್ಲಲಿಲ್ಲ ಅಂತ ಅವರಿಗೆ ಕಾಣಬೇಕು. "ಬೇಜವಾಬ್ದಾರಿ" ಅನ್ನುವ ಹಣೆಪಟ್ಟಿ ಅಂಟುವುದು ಮುಂದೆ ಹಾಕಿದ್ದಕ್ಕೆ ಅಲ್ಲ, ಹಾಕಿದ ಮೇಲೆ ಸುಮ್ಮನಾಗುವುದಕ್ಕೆ. ವಾರದ ಹೆಸರು ಬರೆಯುವುದನ್ನೂ ಬಿಡಬಾರದು. ಬರೀ "ನಾಳೆ" ಅಂತ ಬರೆದ ಮೆಸೇಜನ್ನು ನಾಳೆ ಓದಿದವರಿಗೆ ಅದು ನಾಡಿದ್ದು. ನಮ್ಮೂರಿನ ಆಫೀಸುಗಳ "ಸೆಕೆಂಡ್ ಹಾಫ್‌ನಲ್ಲಿ ಬರ್ತೀನಿ" ಇನ್ನೂ ಕೆಟ್ಟದ್ದು. ಅದು ಟೈಮೇ ಅಲ್ಲ, ಹವಾಮಾನ ವರದಿ.

ಹನ್ನೆರಡಕ್ಕೆ ಭಾವನ ಉತ್ತರ ಬಂತು. "ಓಕೆ."

ಯಾವುದಕ್ಕೆ ಓಕೆ? ಎರಡು ಟೈಮ್ ಕೊಡುವುದರಲ್ಲಿ ಇರುವ ತೊಂದರೆ ಇದೊಂದೇ, ಇದು ತಪ್ಪುವುದೂ ಇಲ್ಲ. ಶೆಟ್ಟರದ್ದು ಹೆಬ್ಬೆರಳು, ಭಾವನದ್ದು ಓಕೆ. ಇಬ್ಬರೂ ಒಪ್ಪಿದ್ದಾರೆ, ಒಬ್ಬರು ಶುಕ್ರವಾರಕ್ಕೆ ಇನ್ನೊಬ್ಬರು ಶನಿವಾರಕ್ಕೆ ಅಂತ ಇಟ್ಟುಕೊಂಡರೂ ಆಶ್ಚರ್ಯವಿಲ್ಲ. ಸಂಕೋಚ ಮಾಡದೆ ತಿರುಗಿ ಕೇಳಬೇಕು. ಕೇಳಿದೆ. ಭಾವನಿಗೆ ಶನಿವಾರವೇ ಅನುಕೂಲ, ಅವತ್ತು ಆಫೀಸಿಗೆ ರಜೆ. ಶನಿವಾರ 10.45 ಪಕ್ಕಾ ಅಂತ ಇಬ್ಬರಿಗೂ ಮತ್ತೆ ಬರೆದೆ, ಕ್ಯಾಲೆಂಡರಿನಲ್ಲಿ ಗುರುವಾರದ ಹಳೆಯ ಎಂಟ್ರಿಯನ್ನೇ ಎಳೆದು ಶನಿವಾರಕ್ಕೆ ತಂದೆ. ಹಳೆಯದನ್ನು ಅಳಿಸಿ ಹೊಸದು ಮಾಡಿದರೆ ಅವರ ಮೊಬೈಲಿಗೆ ಮೊದಲು "ಕ್ಯಾನ್ಸಲ್" ಅಂತ ಹೋಗುತ್ತದೆ, ಅದನ್ನು ಮಾತ್ರ ನೋಡಿ ಗಾಬರಿಯಾಗುವವರಿದ್ದಾರೆ. ಶುಕ್ರವಾರದ ಲಾಕ್ ತೆಗೆದೆ.

ಇನ್ನು ಈ ಮೀಟಿಂಗನ್ನು ಮುಟ್ಟುವ ಹಾಗಿಲ್ಲ ಅಂತ ಸರ್‌ಗೆ ಹೇಳಿದೆ. ಅವರು ಫೈಲ್ ಕಟ್ಟುತ್ತಾ ಜಿಎಸ್‌ಟಿ ಕಾನೂನು ತೆಗೆದರು. ಅದರ 75ನೇ ಸೆಕ್ಷನ್ನಿನಲ್ಲಿ, ಸರಿಯಾದ ಕಾರಣ ಇದ್ದರೆ ಒಬ್ಬರಿಗೆ ಮೂರು ಸಲದವರೆಗೆ ಹಿಯರಿಂಗ್ ಮುಂದೆ ಹಾಕಿಕೊಡಬಹುದು, ಕಾರಣವನ್ನು ಬರೆದಿಡಬೇಕು ಅಂತ ಇದೆ. "ಸರ್ಕಾರವೇ ಮೂರು ಸಲ ಬಿಡುತ್ತೆ ಕಣಯ್ಯಾ" ಅಂದರು.

ಶೆಟ್ಟರು ಒಂದೇ ಸಲ ಬಿಡುವುದು ಸರ್, ಅಂದೆ. ಅಷ್ಟರಲ್ಲಿ ಶೆಟ್ಟರದ್ದೇ ಫೋನ್. "ಶನಿವಾರ ಬನ್ನಿ ಮಾರಾಯ್ರೆ, ಆದ್ರೆ ಹನ್ನೊಂದೂವರೆಗೆ ಟೇಬಲ್ ಬಿಟ್ಟು ಏಳಬೇಕು, ಊಟದವರು ಬರ್ತಾರೆ. ಮತ್ತೆ ಪುಟ ಎರಡರಲ್ಲಿ ಭಾವನ ಇನಿಶಿಯಲ್ ತಪ್ಪಾಗಿದೆ, ನೋಡಿ."